ಸರಿಯಾದ ಥೆರಪಿಸ್ಟ್ ಹುಡುಕುವುದು ಹೇಗೆ? ಮೊದಲ ಫೋನ್ ಕರೆಯಿಂದ ನಾಲ್ಕನೇ ಸೆಷನ್‌ವರೆಗೆ

ಬೀಗ ಹಾಕುವುದು, ಜಗ್ಗಿ ನೋಡುವುದು, ಮೆಟ್ಟಿಲು ಇಳಿಯುವುದು, ಮತ್ತೆ ಹತ್ತಿ ಬಂದು ಜಗ್ಗಿ ನೋಡುವುದು. ಒಂದು ಕಾಲದಲ್ಲಿ ನನ್ನ ಬೆಳಗ್ಗೆಗಳೆಲ್ಲ ಹೀಗೇ ಇದ್ದವು. ಬೀಗದ ಫೋಟೋ ತೆಗೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಫೋಟೋ ನೋಡಿ, 'ಇದು ನಿನ್ನೆಯದ್ದಿರಬೇಕು' ಅನ್ನಿಸಿ ವಾಪಸ್ ಬರುತ್ತಿದ್ದೆ.

ಸುಮ್ನೆ ಕೂತಿರಲಿಲ್ಲ. ಒಬ್ಬ ಕೌನ್ಸೆಲರ್ ಹತ್ತಿರ 11 ತಿಂಗಳು, ವಾರಕ್ಕೊಮ್ಮೆ ಹೋದೆ. ತುಂಬಾ ಒಳ್ಳೆಯವರು. ಗಮನ ಕೊಟ್ಟು ಕೇಳುತ್ತಿದ್ದರು, ಹೆಸರು, ಘಟನೆ ಎಲ್ಲ ನೆನಪಿಟ್ಟುಕೊಳ್ಳುತ್ತಿದ್ದರು. ಅಲ್ಲಿಂದ ಹೊರಗೆ ಬಂದಾಗ ಮನಸ್ಸು ಹಗುರವಾಗುತ್ತಿತ್ತು. ಮನೆಗೆ ಬಂದರೆ ಬೀಗ ಮಾತ್ರ ಹಾಗೇ ಇತ್ತು. ಶುರುವಿನಲ್ಲಿ ದಿನಕ್ಕೆ 10 ಸಲ ನೋಡುತ್ತಿದ್ದವನು ಕೊನೆಗೆ 14 ಸಲ ನೋಡುತ್ತಿದ್ದೆ.

ಆಮೇಲೆ ಬೇರೆಯವರ ಹತ್ತಿರ ಹೋದೆ. 16 ಸೆಷನ್‌ಗಳಲ್ಲಿ ಬಹಳಷ್ಟು ಬದಲಾಯಿತು. ಎರಡನೆಯವರು ಮೊದಲಿನವರಿಗಿಂತ ಒಳ್ಳೆಯ ಮನುಷ್ಯರು ಅಂತಲ್ಲ. ಎರಡನೇ ಸಲ ನಾನು ಕೇಳಬೇಕಾದ್ದನ್ನು ಮೊದಲೇ ಕೇಳಿದ್ದೆ, ಅಷ್ಟೇ. ಹೇಗೆ ಹುಡುಕಿದೆ, ಏನು ಕೇಳಿದೆ, ದುಡ್ಡಿನ ಲೆಕ್ಕ ಹೇಗೆ ಹಾಕಿದೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ತೊಂದರೆ ಬೇರೆಯೇ ಇರಬಹುದು, ಹುಡುಕುವ ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಯುವ ಯೋಚನೆ ಬಲವಾಗಿ ಬರುತ್ತಿದ್ದರೆ, ಹೇಗೆ ಅಂತ ಮನಸ್ಸು ಲೆಕ್ಕ ಹಾಕುತ್ತಿದ್ದರೆ, ಈ ಲೇಖನ ಪಕ್ಕಕ್ಕಿಡಿ. ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಈಗಲೇ ಕರೆ ಮಾಡಿ. ಥೆರಪಿಸ್ಟ್ ಹುಡುಕುವ ಕೆಲಸ ಅದಾದ ಮೇಲೆ.

ಹುಡುಕುವ ಮುಂಚೆ ಅರ್ಧ ಪುಟ ಬರೆಯಿರಿ

'ಯಾಕೋ ಸರಿಯಿಲ್ಲ' ಅಂತ ಹೇಳಿದರೆ ಎದುರಿನವರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ವಾರ ನಿಮ್ಮನ್ನು ನೀವೇ ಗಮನಿಸಿ. ಏನಾಗುತ್ತದೆ, ಯಾವಾಗ ಆಗುತ್ತದೆ, ದಿನದಲ್ಲಿ ಎಷ್ಟು ಹೊತ್ತು ತಿನ್ನುತ್ತದೆ, ಅದರಿಂದ ಏನೇನು ಮಾಡುವುದನ್ನು ಬಿಟ್ಟಿದ್ದೀರಿ ಅಂತ ಬರೆದಿಡಿ. ಕಾರಣ ಹುಡುಕಲು ಹೋಗಬೇಡಿ, ನಡೆದದ್ದನ್ನು ಮಾತ್ರ ಬರೆಯಿರಿ.

ನನ್ನ ಚೀಟಿಯಲ್ಲಿ ಹೀಗಿತ್ತು: 'ಬೀಗ 14 ಸಲ, ಸ್ಟೋವ್ 6 ಸಲ. ಒಟ್ಟು ದಿನಕ್ಕೆ ಒಂದೂವರೆ ಗಂಟೆ. ಮನೆಯಿಂದ ಕೊನೆಗೆ ಹೊರಡುವವನು ನಾನಾಗಿದ್ದರೆ ಜಾಸ್ತಿ, ಹಿಂದೆ ಯಾರಾದರೂ ಇದ್ದರೆ ಇಲ್ಲವೇ ಇಲ್ಲ. ಎರಡು ತಿಂಗಳಿಂದ ರಾತ್ರಿ ಬೇರೆ ಊರಿನಲ್ಲಿ ಉಳಿದಿಲ್ಲ.' ನಾಲ್ಕೇ ಸಾಲು. ಮೊದಲಿನ ಕೌನ್ಸೆಲರ್‌ಗೆ 11 ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿಯೇ ಇರಲಿಲ್ಲ. ಅವರ ಹತ್ತಿರ ನಾನು 'ಟೆನ್ಷನ್' ಅಂತಿದ್ದೆ, ಆಫೀಸಿನ ಜಗಳ ಹೇಳುತ್ತಿದ್ದೆ, ಬಾಲ್ಯದ ಕಥೆ ಹೇಳುತ್ತಿದ್ದೆ. ಬೀಗದ ವಿಷಯ ಹೇಳಲು ನಾಚಿಕೆಯಾಗಿ, ಸೆಷನ್ ಮುಗಿಯುವ ಐದು ನಿಮಿಷ ಮೊದಲು ಮೆಲ್ಲಗೆ ತೆಗೆಯುತ್ತಿದ್ದೆ. 'ಬೀಗ ಹಾಕಿದ್ದೀರಿ, ಏನೂ ಆಗಲ್ಲ ಬಿಡಿ' ಅಂತ ಅವರು ಸಮಾಧಾನ ಮಾಡುತ್ತಿದ್ದರು. ನನಗೂ ಬೇಕಾಗಿದ್ದು ಅದೇ ಮಾತು.

ಎಡವಟ್ಟಾಗಿದ್ದು ಇಲ್ಲೇ. ನನಗಿದ್ದದ್ದು ಗೀಳು, ಅಂದರೆ ಒಸಿಡಿ. ಅದರಲ್ಲಿ 'ಏನೂ ಆಗಲ್ಲ' ಅನ್ನುವ ಸಮಾಧಾನವೂ ಬೀಗ ಜಗ್ಗಿ ನೋಡಿದ ಹಾಗೆಯೇ ಕೆಲಸ ಮಾಡುತ್ತದೆ. ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ, ನಾಳೆ ಮತ್ತೆ ಬೇಕಾಗುತ್ತದೆ. ಅಂದರೆ ಆ ಐದು ನಿಮಿಷ ನನ್ನ ಗೀಳಿಗೆ ಊಟ ಹಾಕುತ್ತಿತ್ತು. ದುಃಖದಲ್ಲಿರುವವರಿಗೆ ಬೇಕಾದ ಸಮಾಧಾನವೇ ಗೀಳಿನವರಿಗೆ ಕೆಟ್ಟದ್ದು ಮಾಡಬಹುದು. ಯಾವ ತೊಂದರೆಗೆ ಯಾವ ವಿಧಾನ ಅನ್ನುವುದು ಮುಖ್ಯವಾಗುವುದು ಇದಕ್ಕೇ.

ಯಾರ ಹತ್ತಿರ ಹೋಗಬೇಕು

ಮನೋವೈದ್ಯರು ಅಂದರೆ ವೈದ್ಯರು. ರೋಗ ಯಾವುದು ಅಂತ ಗುರುತಿಸಿ ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ಥೆರಪಿ ಕೊಡುತ್ತಾರೆ, ಆದರೆ ಹೆಚ್ಚಿನ ಕಡೆ ಔಷಧಿ ಬರೆಯುವ ಅಧಿಕಾರ ಅವರಿಗಿಲ್ಲ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಸಾಮಾನ್ಯವಾಗಿ ಸಂಬಂಧ, ಸಾವು-ನೋವು, ಕೆಲಸದ ಒತ್ತಡ, ನಿರ್ಧಾರದ ಗೊಂದಲ ಇಂಥ ವಿಷಯಗಳಲ್ಲಿ ಜೊತೆಗಿರುತ್ತಾರೆ. ಎಷ್ಟೋ ಕಡೆ 'ಕೌನ್ಸೆಲರ್', 'ಥೆರಪಿಸ್ಟ್' ಅನ್ನುವ ಹೆಸರಿಗೆ ಕಾನೂನಿನ ಕಾವಲು ಇಲ್ಲ. ವಾರಾಂತ್ಯದ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಬಹುದು. ಹಾಗಾಗಿ ಬೋರ್ಡ್ ಏನು ಹೇಳುತ್ತದೆ ಅನ್ನುವುದಕ್ಕಿಂತ ಓದಿದ್ದೇನು, ಯಾವ ಮಂಡಳಿಯಲ್ಲಿ ನೋಂದಣಿಯಾಗಿದೆ, ನೋಂದಣಿ ಸಂಖ್ಯೆ ಏನು ಅಂತ ನೋಡಿ. ನೋಂದಣಿಯ ಪಟ್ಟಿ ಸಾರ್ವಜನಿಕವಾಗಿದ್ದರೆ ಸಂಖ್ಯೆ ಹಾಕಿ ಹುಡುಕಿ. ಎರಡು ನಿಮಿಷದ ಕೆಲಸ.

ಕೆಲವರು ಮೊದಲು ವೈದ್ಯರ ಹತ್ತಿರವೇ ಹೋಗುವುದು ಒಳ್ಳೆಯದು. ಬೇರೆಯವರಿಗೆ ಕೇಳದ ದನಿ ಕೇಳುತ್ತಿದ್ದರೆ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ಮೈಯಲ್ಲಿ ವಿಪರೀತ ಹುರುಪು ತುಂಬಿದ್ದರೆ, ಹಾಸಿಗೆಯಿಂದ ಏಳಲಿಕ್ಕೇ ಆಗದಿದ್ದರೆ ಮನೋವೈದ್ಯರೇ ಮೊದಲು. ಸುಸ್ತು, ಬೇಸರ, ಮಂಕು ಇದ್ದರೆ ಒಂದು ರಕ್ತಪರೀಕ್ಷೆಯೂ ಆಗಲಿ. ಥೈರಾಯ್ಡ್ ಕಡಿಮೆಯಾದರೂ ರಕ್ತ ಕಡಿಮೆಯಾದರೂ ಖಿನ್ನತೆಯ ಹಾಗೆಯೇ ಕಾಣಬಹುದು.

ವಿಧಾನಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ, ಒಂದೆರಡು ಗೊತ್ತಿದ್ದರೆ ಸಾಕು. ಖಿನ್ನತೆ, ಗಾಬರಿ, ಆತಂಕಕ್ಕೆ ಸಿಬಿಟಿ ಚೆನ್ನಾಗಿ ಅಧ್ಯಯನವಾಗಿರುವ ವಿಧಾನ, ಅಂದರೆ ಯೋಚಿಸುವ ಮತ್ತು ನಡೆದುಕೊಳ್ಳುವ ರೀತಿಯನ್ನು ಅಭ್ಯಾಸದಿಂದ ಬದಲಿಸುವ ಥೆರಪಿ. ಅಪಘಾತ, ದೌರ್ಜನ್ಯದಂಥ ಆಘಾತ ಆಗಿದ್ದರೆ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಥವಾ ಕಣ್ಣನ್ನು ಆಚೀಚೆ ಆಡಿಸುತ್ತಾ ಆ ನೆನಪನ್ನು ಎದುರಿಸುವ ಇಎಂಡಿಆರ್. ಗೀಳಿಗೆ ಇಆರ್‌ಪಿ, ಅಂದರೆ ಎಕ್ಸ್‌ಪೋಶರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಹೆದರಿಕೆ ಬರುವ ಕೆಲಸವನ್ನು ಬೇಕೆಂದೇ ಮಾಡುವುದು, ಆಮೇಲೆ ಜಗ್ಗಿ ನೋಡುವಂಥ ಸಮಾಧಾನದ ಕೆಲಸ ಮಾಡದೆ ಇರುವುದು. ವಿಕ್ಟರ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞ 1966ರಲ್ಲೇ ಇಬ್ಬರು ರೋಗಿಗಳ ಮೇಲೆ ಈ ದಾರಿ ಕೆಲಸ ಮಾಡಿದ್ದನ್ನು ಬರೆದಿದ್ದರು. ಅಷ್ಟು ಹಳೆಯ ಚಿಕಿತ್ಸೆಯ ಹೆಸರು ನನ್ನ ಕಿವಿಗೆ ಬೀಳಲು 11 ತಿಂಗಳು ಬೇಕಾಯಿತು ನೋಡಿ.

ಮೂರು ಹೆಸರು ಸಾಕು

ಇಪ್ಪತ್ತು ಹೆಸರು ಕೂಡಿಸಿದರೆ ಯಾರಿಗೂ ಫೋನ್ ಮಾಡುವುದಿಲ್ಲ. ಮೂರು ಸಾಕು. ನಿಮ್ಮ ಮಾಮೂಲಿ ಡಾಕ್ಟರನ್ನು ಕೇಳಿ, ನೋಂದಣಿ ಮಂಡಳಿಯ ಪಟ್ಟಿ ನೋಡಿ, ಸೈಕಾಲಜಿ ವಿಭಾಗ ಇರುವ ಆಸ್ಪತ್ರೆ ಅಥವಾ ವಿಶ್ವವಿದ್ಯಾಲಯ ಹತ್ತಿರವಿದ್ದರೆ ಅಲ್ಲಿ ವಿಚಾರಿಸಿ. ಸ್ನೇಹಿತರು ಹೇಳಿದ ಹೆಸರನ್ನೂ ಬರೆದುಕೊಳ್ಳಿ. ಆದರೆ ಗೆಳತಿಯ ಡೈವೋರ್ಸ್ ಸಮಯದಲ್ಲಿ ಆಸರೆಯಾದವರು ನಿಮ್ಮ ಪ್ಯಾನಿಕ್ ಅಟ್ಯಾಕ್‌ಗೂ ಸರಿಹೋಗುತ್ತಾರೆ ಅಂತೇನಿಲ್ಲ. ಗೆಳತಿ ಈಗಲೂ ಅವರ ಹತ್ತಿರ ಹೋಗುತ್ತಿದ್ದರೆ ಇನ್ನೂ ಕಷ್ಟ, ನೀವಿಬ್ಬರೂ ಒಬ್ಬರ ವಿಷಯ ಇನ್ನೊಬ್ಬರು ಅಲ್ಲಿ ಹೇಳುತ್ತೀರಿ. ತುಂಬಾ ಥೆರಪಿಸ್ಟ್‌ಗಳು ಅಂಥವರನ್ನು ತೆಗೆದುಕೊಳ್ಳುವುದೇ ಇಲ್ಲ.

ಒಬ್ಬೊಬ್ಬರ ಪರಿಚಯದ ಪುಟದಲ್ಲಿ ಖಿನ್ನತೆ, ಮದುವೆ, ಮಕ್ಕಳು, ಗೀಳು, ಚಟ, ತೂಕ, ಆತ್ಮವಿಶ್ವಾಸ ಅಂತ ಇಪ್ಪತ್ತೈದು ವಿಷಯ ಇರುತ್ತವೆ. ಅದನ್ನು ನಂಬಿ ನಿರ್ಧರಿಸಬೇಡಿ. ಮೂವರಿಗೂ ಒಂದೇ ಮೆಸೇಜ್ ಕಳಿಸಿ. ನಾನು ಕಳಿಸಿದ್ದು ಇದು:

'ನಮಸ್ಕಾರ. ಬೀಗ, ಸ್ಟೋವ್ ಮತ್ತೆ ಮತ್ತೆ ನೋಡುವುದರಲ್ಲಿ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತಿದೆ. ಇದಕ್ಕೆ ಇಆರ್‌ಪಿ ಮಾಡುವವರನ್ನು ಹುಡುಕುತ್ತಿದ್ದೇನೆ. ನೀವು ಮಾಡುತ್ತೀರಾ? ಸೆಷನ್ ಶುರು ಮಾಡುವ ಮೊದಲು 10-15 ನಿಮಿಷ ಫೋನಿನಲ್ಲಿ ಮಾತಾಡಲು ಆಗುತ್ತದಾ? ಫೀಸು ಎಷ್ಟು?'

ಒಬ್ಬರು ಉತ್ತರಿಸಲಿಲ್ಲ. ಒಬ್ಬರು 'ಬನ್ನಿ, ಎದುರಿಗೆ ಮಾತಾಡೋಣ' ಅಂದರು, ಫೀಸೂ ಹೇಳಲಿಲ್ಲ. ಮೂರನೆಯವರು ಫೋನಿಗೆ ಸಮಯ ಕೊಟ್ಟರು.

ಆ 15 ನಿಮಿಷದಲ್ಲಿ ಕೇಳಬೇಕಾದದ್ದು

ಫೋನ್ ಹಿಡಿದಾಗ ನನಗೆ ಕೈ ಬೆವರಿತ್ತು. ದೊಡ್ಡವರನ್ನು ಪರೀಕ್ಷೆ ಮಾಡಿದ ಹಾಗೆ ಆಗುತ್ತದಲ್ಲ ಅನ್ನುವ ಸಂಕೋಚ. ಆದರೆ ಚೆನ್ನಾಗಿ ಕಲಿತವರಿಗೆ ಈ ಪ್ರಶ್ನೆಗಳು ಹೊಸದಲ್ಲ. ಕೇಳಿದರೆ ಯಾರಾದರೂ ಮುನಿಸಿಕೊಂಡರೆ ಅದೂ ಒಂದು ಉತ್ತರವೇ ಅಲ್ವಾ?

ಮೊದಲ ಪ್ರಶ್ನೆ ಅನುಭವದ್ದು. 'ಮೇಡಂ, ಇಂಥ ತೊಂದರೆ ಇರುವವರನ್ನು ನೀವು ನೋಡಿದ್ದೀರಾ?' ಬರೀ 'ಹೌದು' ಬಂದರೆ ಅಲ್ಲಿಗೇ ಬಿಡಬೇಡಿ, 'ಅವರ ಜೊತೆ ಏನು ಮಾಡುತ್ತೀರಿ?' ಅಂತ ಮುಂದುವರಿಸಿ. ನನ್ನ ಮಟ್ಟಿಗೆ ಇಡೀ ಕರೆಯಲ್ಲಿ ಇದೇ ತೂಕದ ಪ್ರಶ್ನೆ. ನಾನು ಕೇಳಿದಾಗ ಆ ಕಡೆಯಿಂದ ಬಂದ ಉತ್ತರ ಇನ್ನೂ ನೆನಪಿದೆ.

'ಮೊದಲೆರಡು ಸೆಷನ್ ನಾನು ಕೇಳುತ್ತಾ ಹೋಗುತ್ತೇನೆ. ಆಮೇಲೆ ಇಬ್ಬರೂ ಕೂತು ಒಂದು ಏಣಿ ಮಾಡೋಣ. ಕೆಳಗಿನ ಮೆಟ್ಟಿಲಲ್ಲಿ ನಿಮಗೆ ಸ್ವಲ್ಪ ಕಸಿವಿಸಿ ಆಗುವ ಕೆಲಸ, ಮೇಲಿನ ಮೆಟ್ಟಿಲಲ್ಲಿ ಈಗ ಊಹಿಸಲೂ ಆಗದ ಕೆಲಸ. ಕೆಳಗಿನಿಂದ ಶುರು. ಮನೆಯಲ್ಲೂ ಅಭ್ಯಾಸ ಮಾಡಬೇಕಾಗುತ್ತದೆ. ಶುರುವಿನಲ್ಲಿ ಚಡಪಡಿಕೆ ಜಾಸ್ತಿಯಾಗುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ.'

ಈ ಉತ್ತರದಲ್ಲಿ ಮೂರು ಸಂಗತಿ ಇವೆ. ಏನು ಮಾಡುತ್ತೇವೆ ಅನ್ನುವುದು ಕಣ್ಣಿಗೆ ಕಟ್ಟುವ ಹಾಗಿದೆ. ನನ್ನ ಪಾಲಿನ ಕೆಲಸ ಏನು ಅಂತ ಇದೆ. ಕಷ್ಟವಾಗುತ್ತದೆ ಅನ್ನುವುದನ್ನು ಮುಚ್ಚಿಟ್ಟಿಲ್ಲ. ನಿಮ್ಮ ತೊಂದರೆ ಏನೇ ಇರಲಿ, ಉತ್ತರ ಈ ಜಾಡಿನಲ್ಲಿದ್ದರೆ ಒಳ್ಳೆಯ ಲಕ್ಷಣ. 'ನಾನು ಎಲ್ಲಾ ವಿಧಾನಗಳನ್ನೂ ಸೇರಿಸಿ ಮಾಡುತ್ತೇನೆ, ವ್ಯಕ್ತಿಯನ್ನು ನೋಡಿ ನಿರ್ಧಾರ' ಅಂತ ತೇಲಿಸಿದರೆ ಒಂದು ಉದಾಹರಣೆ ಕೇಳಿ. ಉದಾಹರಣೆಯೂ ಬರದಿದ್ದರೆ ಬೇರೆಯವರನ್ನು ನೋಡಿ. 'ಮೂರೇ ಸೆಷನ್, ಗ್ಯಾರಂಟಿ ಗುಣ' ಅಂದರೆ ಫೋನ್ ಇಡಿ.

ಮುಂದಿನದು, 'ಗುಣವಾಗುತ್ತಿದೆಯೋ ಇಲ್ಲವೋ ಅಂತ ನಮಗೆ ಹೇಗೆ ಗೊತ್ತಾಗುತ್ತದೆ?' ಕೆಲವರು ಪ್ರಶ್ನಾವಳಿ ಬಳಸುತ್ತಾರೆ. ಖಿನ್ನತೆಗೆ ಒಂಬತ್ತು ಪ್ರಶ್ನೆಗಳ `PHQ-9` ಇದೆ, ಅಂಕ 0ರಿಂದ 27. ಗೀಳಿಗೆ `Y-BOCS` ಇದೆ, 10 ಪ್ರಶ್ನೆ, ಅಂಕ 0ರಿಂದ 40. ಎರಡರಲ್ಲೂ ಅಂಕ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಎಲ್ಲರೂ ಇದನ್ನೇ ಬಳಸಬೇಕು ಅಂತಿಲ್ಲ, ಆದರೆ ಅಳೆಯುವ ದಾರಿ ಏನಾದರೂ ಇರಬೇಕು.

ಗುಟ್ಟಿನ ಬಗ್ಗೆಯೂ ಕೇಳಿ. ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ ಅನ್ನುವುದು ನಿಯಮ, ಅದಕ್ಕೆ ವಿನಾಯಿತಿಗಳೂ ಇವೆ. ನಿಮ್ಮ ಪ್ರಾಣಕ್ಕೋ ಬೇರೆಯವರ ಪ್ರಾಣಕ್ಕೋ ಅಪಾಯ ಇದ್ದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದಾಗ, ನ್ಯಾಯಾಲಯ ಕೇಳಿದಾಗ ಹೇಳಬೇಕಾಗಿ ಬರಬಹುದು. ತಮ್ಮ ಮೇಲ್ವಿಚಾರಕರ ಜೊತೆ ನಿಮ್ಮ ಹೆಸರು ಹೇಳದೆ ಚರ್ಚಿಸುವುದೂ ಉಂಟು, ಅದು ಒಳ್ಳೆಯ ಅಭ್ಯಾಸವೇ. 'ಯಾವ ಕಾರಣಕ್ಕೂ ಯಾರಿಗೂ ಹೇಳಲ್ಲ' ಅಂತ ಆಣೆ ಮಾಡುವವರಿಗಿಂತ ವಿನಾಯಿತಿಗಳನ್ನು ಬಿಡಿಸಿ ಹೇಳುವವರೇ ನಂಬಿಕಸ್ಥರು.

ಭಾಷೆಯನ್ನು ಮರೆಯಬೇಡಿ. ಸಿಟ್ಟು ಬಂದಾಗ ನಿಮ್ಮ ಬಾಯಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ ಮಾತಾಡಲು ಆಗುವುದಾದರೆ ಎಷ್ಟೋ ಶ್ರಮ ಉಳಿಯುತ್ತದೆ. ಆ ಭಾಷೆಯವರು ಸಿಗದಿದ್ದರೆ, 'ನಡುನಡುವೆ ನನ್ನ ಭಾಷೆಯ ಪದ ಬಂದರೆ ನಿಲ್ಲಿಸಿ ಅರ್ಥ ಕೇಳುತ್ತೀರಾ?' ಅಂತಲಾದರೂ ಕೇಳಿಕೊಳ್ಳಿ.

ಫೀಸು: ಒಂದು ಸೆಷನ್ ಅಲ್ಲ, ಪೂರ್ತಿ ಲೆಕ್ಕ ಹಾಕಿ

ಫೀಸು ಊರಿಂದ ಊರಿಗೆ, ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಲೆಕ್ಕ ಹಾಕುವ ರೀತಿ ಮಾತ್ರ ಒಂದೇ. ಮೊದಲಿನ ಕೌನ್ಸೆಲರ್ ಫೀಸು 100 ಅಂತ ಇಟ್ಟುಕೊಳ್ಳಿ. ಎರಡನೆಯವರದ್ದು 180. ಕೇಳಿದ ತಕ್ಷಣ 'ಅಬ್ಬಾ, ಜಾಸ್ತಿಯಾಯ್ತು' ಅನ್ನಿಸಿತ್ತು. ಆಮೇಲೆ ಕಾಗದ ತೆಗೆದುಕೊಂಡು ಕೂತೆ. ಮೊದಲಿನವರ ಹತ್ತಿರ 11 ತಿಂಗಳಲ್ಲಿ ಸುಮಾರು 44 ಸೆಷನ್, ಅಂದರೆ 4,400. ಎರಡನೆಯವರು ಸುಮಾರು 16 ಸೆಷನ್ ಆಗಬಹುದು ಅಂದಿದ್ದರು, ಅಂದರೆ 2,880. ದುಬಾರಿ ಅಂದುಕೊಂಡಿದ್ದೇ ಅಗ್ಗವಾಗಿತ್ತು.

ಹಾಗಾಗಿ ಕೇಳಬೇಕಾದದ್ದು 'ಒಂದು ಸೆಷನ್‌ಗೆ ಎಷ್ಟು?' ಅಂತ ಮಾತ್ರವಲ್ಲ. 'ಇಂಥದ್ದಕ್ಕೆ ಸಾಮಾನ್ಯವಾಗಿ ಎಷ್ಟು ಸೆಷನ್ ಬೇಕು, ಒಂದು ಸೆಷನ್ ಎಷ್ಟು ನಿಮಿಷ?' ಅಂತಲೂ ಕೇಳಿ. ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ ಇರುತ್ತದೆ. 30 ನಿಮಿಷದ ಸೆಷನ್ ಇಟ್ಟು ಫೀಸು ಕಡಿಮೆ ತೋರಿಸುವವರೂ ಇದ್ದಾರೆ. ಸಿಬಿಟಿ, ಇಆರ್‌ಪಿ ಥರದ ಥೆರಪಿ ಹೆಚ್ಚಾಗಿ 12ರಿಂದ 20 ಸೆಷನ್ ಹಿಡಿಯುತ್ತದೆ. ಹಳೆಯ, ಆಳದ ಗಾಯಗಳಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಕರಾರುವಾಕ್ಕಾಗಿ ಯಾರೂ ಹೇಳಲಾರರು, ಆದರೆ ಅಂದಾಜು ಹೇಳಬಲ್ಲರು.

ಪೂರ್ತಿ ಲೆಕ್ಕ ಅಗ್ಗವಾದರೂ ತಿಂಗಳ ಹೊರೆ ಬೇರೆ ವಿಷಯ. ವಾರಕ್ಕೊಂದು ಸೆಷನ್ ಅಂದರೆ ತಿಂಗಳಿಗೆ 720. ನನಗೆ ಅದು ಕಷ್ಟ ಇತ್ತು, ಹಾಗಂತ ನೇರವಾಗಿ ಹೇಳಿದೆ: 'ಮೇಡಂ, ತಿಂಗಳಿಗೆ ನನ್ನ ಕೈಲಿ 500ಕ್ಕಿಂತ ಜಾಸ್ತಿ ಆಗಲ್ಲ. ಏನಾದರೂ ದಾರಿ ಇದೆಯಾ?' ಫೀಸು ಇಳಿಸಲು ಅವರಿಗೆ ಆಗಲಿಲ್ಲ. ಶುರುವಿನ 10 ಸೆಷನ್ ಮಾತ್ರ ವಾರಕ್ಕೊಮ್ಮೆ ಇರಲಿ, ಆಮೇಲೆ 6 ಸೆಷನ್ ಎರಡು ವಾರಕ್ಕೊಮ್ಮೆ ಮಾಡೋಣ ಅಂದರು. ಎರಡೂವರೆ ತಿಂಗಳು ಬಿಗಿ ಮಾಡಿಕೊಂಡರೆ ಆಮೇಲೆ ತಿಂಗಳಿಗೆ 360. ಒಪ್ಪಿದೆ. ಮೊದಲಿನಿಂದಲೇ ಎರಡು ವಾರಕ್ಕೊಮ್ಮೆ ಇಡಿ ಅಂತ ನಾನು ಕೇಳಿದ್ದಕ್ಕೆ ಅವರು ಬೇಡ ಅಂದಿದ್ದರು. ಶುರುವಿನಲ್ಲಿ ಅಷ್ಟು ಬಿಡುವು ಕೊಟ್ಟರೆ ಅರ್ಧ ಸೆಷನ್ ಹಳೆಯ ಸುದ್ದಿ ಹೇಳುವುದರಲ್ಲೇ ಮುಗಿಯುತ್ತದೆ, ಅಭ್ಯಾಸವೂ ನಿಂತುಹೋಗುತ್ತದೆ ಅನ್ನುವುದು ಅವರ ಕಾರಣ. ಆಮೇಲೆ ನನಗೂ ಅದು ಸರಿ ಅನ್ನಿಸಿತು.

ಆದಾಯ ನೋಡಿ ಫೀಸು ಇಳಿಸುವ ಪದ್ಧತಿ ಕೆಲವರಲ್ಲಿದೆ. ಅಂಥ ಜಾಗಗಳನ್ನು ಕೆಲವೇ ಜನರಿಗೆ ಮೀಸಲಿಟ್ಟಿರುತ್ತಾರೆ, ಕೇಳದೆ ಸಿಗುವುದಿಲ್ಲ. ತರಬೇತಿಯ ಕೊನೆಯ ಹಂತದಲ್ಲಿರುವವರು ಹಿರಿಯರ ಮೇಲ್ವಿಚಾರಣೆಯಲ್ಲಿ ಕಡಿಮೆ ಫೀಸಿಗೆ ನೋಡುವ ಕೇಂದ್ರಗಳೂ ಇರುತ್ತವೆ. ಕಲಿಯುತ್ತಿರುವವರು ಅಂತ ಮೂಗು ಮುರಿಯಬೇಡಿ. ನಿಮ್ಮ ಪ್ರತಿ ಸೆಷನ್ ಬಗ್ಗೆ ಅವರು ಹಿರಿಯರ ಹತ್ತಿರ ಕೂತು ಚರ್ಚಿಸಿರುತ್ತಾರೆ. ಎಷ್ಟೋ ಸಲ ಅಲ್ಲಿ ನಿಮಗೆ ಎರಡು ತಲೆ ಕೆಲಸ ಮಾಡುತ್ತಿರುತ್ತವೆ.

ಕೈ ಸುಡುವ ಜಾಗಗಳು ಎರಡು. ಒಂದು, ಬಾರದಿದ್ದರೂ ಬೀಳುವ ಫೀಸು. 24 ಅಥವಾ 48 ಗಂಟೆ ಮೊದಲು ಹೇಳದಿದ್ದರೆ ಪೂರ್ತಿ ಫೀಸು ಕೊಡಬೇಕು ಅನ್ನುವ ನಿಯಮ ಸಾಮಾನ್ಯ. ಅದು ಅನ್ಯಾಯವಲ್ಲ, ಆ ಹೊತ್ತನ್ನು ಅವರು ಬೇರೆಯವರಿಗೆ ಕೊಡಲು ಆಗುವುದಿಲ್ಲ. ಆದರೆ ಮೊದಲೇ ಗೊತ್ತಿರಬೇಕು. ಇನ್ನೊಂದು, ಮುಂಗಡ ಪ್ಯಾಕೇಜ್. '10 ಸೆಷನ್ ಒಟ್ಟಿಗೆ ಕಟ್ಟಿದರೆ ರಿಯಾಯಿತಿ' ಅನ್ನುತ್ತಾರೆ. ಮೂರನೇ ಸೆಷನ್‌ಗೆ 'ಇವರು ನನಗಾಗಲ್ಲ' ಅಂತ ಗೊತ್ತಾದರೂ ಕಟ್ಟಿದ ದುಡ್ಡಿಗಾಗಿ ಹೋಗುತ್ತಲೇ ಇರುತ್ತೀರಿ. ನಾಲ್ಕು ಸೆಷನ್ ಆಗುವವರೆಗೆ ಮುಂಗಡ ಕಟ್ಟಬೇಡಿ. ವಿಮೆ ಇದ್ದರೆ ಏನೇನು ಕಾಗದ ಬೇಕು ಅಂತ ವಿಮೆಯವರನ್ನೇ ಮೊದಲು ಕೇಳಿ, ರಸೀದಿಯಲ್ಲಿ ನೋಂದಣಿ ಸಂಖ್ಯೆ ಬರೆಸಿಕೊಳ್ಳಿ.

ಆನ್‌ಲೈನಾ, ಎದುರಾಬದುರಾ?

ಖಿನ್ನತೆ, ಆತಂಕಕ್ಕೆ ವೀಡಿಯೊದಲ್ಲಿ ಮಾಡಿದ ಸಿಬಿಟಿ ಎದುರು ಕೂತು ಮಾಡಿದ್ದಕ್ಕೆ ಹತ್ತಿರಹತ್ತಿರ ಸಮ ಅಂತ ಅಧ್ಯಯನಗಳು ತೋರಿಸಿವೆ. ಹಾಗಾಗಿ 'ಆನ್‌ಲೈನ್ ಅಂದರೆ ಎರಡನೇ ದರ್ಜೆ' ಅನ್ನುವ ಮಾತು ಬಿಡಿ. ನೋಡಬೇಕಾದದ್ದು ತೊಂದರೆ ಎಲ್ಲಿ ನಡೆಯುತ್ತಿದೆ, ನೀವು ಎಲ್ಲಿ ಕೂತು ಮಾತಾಡುತ್ತೀರಿ ಅನ್ನುವುದನ್ನು.

ನನ್ನ ತೊಂದರೆ ಇದ್ದದ್ದು ನನ್ನ ಮನೆ ಬಾಗಿಲಲ್ಲಿ. ಕ್ಲಿನಿಕ್ಕಿನಲ್ಲಿ ಆ ಬಾಗಿಲು ಇಲ್ಲ. ಮೊದಲ ಎರಡು ಸೆಷನ್‌ಗೆ ಹೋಗಿ ಬಂದೆ, ಆಮೇಲೆ ವೀಡಿಯೊಗೆ ಬದಲಾಯಿಸಿದೆವು. ಆರನೇ ಸೆಷನ್‌ನಲ್ಲಿ ಕಿವಿಗೆ ಇಯರ್‌ಫೋನ್, ಕೈಯಲ್ಲಿ ಫೋನ್. 'ಬೀಗ ಹಾಕಿ. ಒಂದೇ ಸಲ. ಜಗ್ಗಬೇಡಿ. ಈಗ ಕ್ಯಾಮೆರಾ ಬೇರೆ ಕಡೆ ತಿರುಗಿಸಿ, ನಾನೂ ಬೀಗ ನೋಡಲ್ಲ' ಅಂದರು. ನಾನು ಫೋಟೋಗಾಗಿ ಹೊಂಚು ಹಾಕುತ್ತಿದ್ದೇನೆ ಅಂತ ಅವರಿಗೆ ಗೊತ್ತಿತ್ತು. ಮೆಟ್ಟಿಲು ಇಳಿದು ರಸ್ತೆ ತಿರುವಿನವರೆಗೆ ನಡೆದೆ. 'ಬೀಗ ಬಿದ್ದಿದೆ ಅಲ್ವಾ ಮೇಡಂ?' ಅಂತ ಕೇಳಿದೆ. 'ಗೊತ್ತಿಲ್ಲ. ಬಿದ್ದಿರಬಹುದು, ಬಿದ್ದಿಲ್ಲದೆಯೂ ಇರಬಹುದು. ಚಡಪಡಿಕೆ ಈಗ ಹತ್ತಕ್ಕೆ ಎಷ್ಟಿದೆ?' ಒಂಬತ್ತು ಅಂದೆ. ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಅರ್ಧ ಗಂಟೆ ಆದ ಮೇಲೆ ಅದು ನಾಲ್ಕಕ್ಕೆ ಬಂತು. ಬೀಗ ಅಲ್ಲೇ ಇತ್ತು, ನಾನು ವಾಪಸ್ ಹೋಗಿರಲಿಲ್ಲ.

ಆನ್‌ಲೈನ್ ಕೆಡುವುದು ಹೆಚ್ಚಾಗಿ ಏಕಾಂತ ಇಲ್ಲದೆ. ಅತ್ತೆಯ ಬಗ್ಗೆ ಮಾತಾಡಬೇಕು, ಅತ್ತೆ ಪಕ್ಕದ ಕೋಣೆಯಲ್ಲಿದ್ದಾರೆ. ಇಂಥ ಕಡೆ ಇಯರ್‌ಫೋನ್ ಹಾಕಿದರೂ ಥೆರಪಿಸ್ಟ್ ಮಾತು ಮಾತ್ರ ಮುಚ್ಚುತ್ತದೆ, ನಿಮ್ಮದು ಕೇಳಿಸುತ್ತದೆ. ಬಾಗಿಲ ಹೊರಗೆ ರೇಡಿಯೊ ಹಚ್ಚಿಡುವುದು, ನಿಲ್ಲಿಸಿದ ಕಾರಿನಲ್ಲಿ ಕೂರುವುದು, ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಒಂದು ಗುಪ್ತ ಪದ ಇಟ್ಟುಕೊಳ್ಳುವುದು, ಇವೆಲ್ಲ ನಡೆಯುತ್ತವೆ. ಇದ್ಯಾವುದೂ ಆಗದಿದ್ದರೆ, ಅಥವಾ ನಿಮಗೆ ಹೊಡೆಯುವವರು ಅದೇ ಮನೆಯಲ್ಲಿದ್ದರೆ, ಎದುರಾಬದುರೇ ಸರಿ. ಚಿಕ್ಕ ಮಕ್ಕಳಿಗೆ, ಮಾತಿನ ನಡುವೆ ಎಚ್ಚರವೇ ತಪ್ಪಿದಂತಾಗಿ ಎಲ್ಲೋ ಹೋಗಿಬಿಡುವವರಿಗೆ, ಸಾಯುವ ಯೋಚನೆ ಇರುವವರಿಗೆ, ಊಟ ಬಿಟ್ಟು ತೂಕ ಇಳಿಯುತ್ತಿರುವವರಿಗೆ ಕೂಡ ಎದುರು ಕೂರುವುದೇ ಕ್ಷೇಮ.

ಆನ್‌ಲೈನ್ ಆರಿಸಿದರೆ ಎರಡು ವಿಷಯ ಮೊದಲೇ ಇತ್ಯರ್ಥವಾಗಲಿ. ನೆಟ್ ಕೈಕೊಟ್ಟರೆ ಯಾರು ಯಾರಿಗೆ ಫೋನ್ ಮಾಡಬೇಕು? ಅಳುವಾಗ ಪರದೆ ನಿಂತುಹೋದರೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಹಾಗೆಯೇ, ನೀವು ಈಗ ಎಲ್ಲಿದ್ದೀರಿ, ತುರ್ತಾದರೆ ಯಾರಿಗೆ ಹೇಳಬೇಕು ಅಂತ ಅವರು ಕೇಳುತ್ತಾರಾ? ಕೇಳಿದರೆ ಅನುಮಾನಪಡಬೇಡಿ, ಕೆಲಸ ಗೊತ್ತಿರುವವರು ಕೇಳುತ್ತಾರೆ. ಬೇರೆ ದೇಶದಲ್ಲಿರುವವರ ಹತ್ತಿರ ಸೆಷನ್ ಮಾಡುವುದಾದರೆ ನಿಮ್ಮ ಜಾಗದಲ್ಲಿ ಅವರಿಗೆ ಅನುಮತಿ ಇದೆಯಾ ಅಂತ ವಿಚಾರಿಸಿ. ಬರೀ ಟೈಪ್ ಮಾಡುವ ಚಾಟ್ ಸೆಷನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮುಖ ಕಾಣದೆ, ದನಿ ಕೇಳದೆ, 'ಚೆನ್ನಾಗಿದ್ದೇನೆ' ಅಂತ ಬರೆದುಬಿಡುವುದು ತುಂಬಾ ಸುಲಭ.

ನಾಲ್ಕನೇ ಸೆಷನ್ ಮುಗಿದ ಮೇಲೆ

ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞ 1979ರಲ್ಲಿ ಥೆರಪಿಸ್ಟ್ ಮತ್ತು ಬಂದವರ ನಡುವಿನ ಹೊಂದಾಣಿಕೆಯನ್ನು ಮೂರು ಭಾಗ ಮಾಡಿ ತೋರಿಸಿದರು. ಇಬ್ಬರ ನಡುವಿನ ನಂಟು, ಎಲ್ಲಿಗೆ ಹೋಗಬೇಕು ಅನ್ನುವ ಗುರಿ, ಅಲ್ಲಿಗೆ ಹೋಗಲು ಮಾಡುವ ಕೆಲಸ. ಇದನ್ನು ಓದಿದಾಗ ನನ್ನ 11 ತಿಂಗಳ ಕಥೆ ಅರ್ಥವಾಯಿತು. ಮೊದಲಿನವರ ಜೊತೆ ನಂಟು ಭರ್ತಿ ಇತ್ತು. ಗುರಿ ಇರಲಿಲ್ಲ, ಕೆಲಸವೂ ಇರಲಿಲ್ಲ. ನಂಟು ಚೆನ್ನಾಗಿದ್ದಿದ್ದಕ್ಕೇ ಉಳಿದೆರಡು ಇಲ್ಲ ಅನ್ನುವುದು ಗೊತ್ತಾಗಲಿಲ್ಲ.

ನಾಲ್ಕನೇ ಸೆಷನ್ ಆದ ಮೇಲೆ ಈ ಮೂರನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳಿ. ಇವರ ಹತ್ತಿರ ನಾಚಿಕೆಯ ವಿಷಯ ಹೇಳಲು ಆಗುತ್ತಿದೆಯಾ? ನಾವು ಯಾವುದಕ್ಕಾಗಿ ಸೇರುತ್ತಿದ್ದೇವೆ ಅಂತ ಒಂದು ವಾಕ್ಯದಲ್ಲಿ ಹೇಳಬಲ್ಲೆನಾ? ಈ ವಾರ ನನ್ನ ಕೆಲಸ ಏನು? 'ಹಗುರವಾಯಿತಾ?' ಅನ್ನುವುದು ಇಲ್ಲಿ ಸರಿಯಾದ ಅಳತೆಯಲ್ಲ. ನಾಲ್ಕನೇ ಸೆಷನ್ ಹೊತ್ತಿಗೆ ನನಗೆ ಮೊದಲಿಗಿಂತ ಜಾಸ್ತಿ ಕಷ್ಟ ಆಗುತ್ತಿತ್ತು. ಆದರೆ ಯಾಕೆ ಕಷ್ಟ ಆಗುತ್ತಿದೆ ಅಂತ ಗೊತ್ತಿತ್ತು, ನನ್ನ ಏಣಿ ಅಡುಗೆಮನೆಯ ಗೋಡೆ ಮೇಲೆ ಅಂಟಿತ್ತು. ಎಂಟು, ಹತ್ತು ಸೆಷನ್ ಹೊತ್ತಿಗೂ ಅಂಕಗಳು ಅಲುಗದಿದ್ದರೆ ಆಗ ದಾರಿ ಬದಲಿಸುವ ಮಾತು ಬರಬೇಕು, ಔಷಧಿ ಬೇಕಾ ಅಂತ ಮನೋವೈದ್ಯರನ್ನು ಕೇಳುವ ಮಾತೂ ಬರಬೇಕು.

ಉತ್ತರ 'ಇಲ್ಲ' ಅಂತ ಬಂದರೆ ಸದ್ದಿಲ್ಲದೆ ಮಾಯವಾಗಬೇಡಿ. ಒಂದು ಸಲ ಬಾಯಿ ಬಿಟ್ಟು ಹೇಳಿ: 'ನಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನನಗೆ ಗೊತ್ತಾಗುತ್ತಿಲ್ಲ.' ಒಳ್ಳೆಯವರು ಪೆನ್ನು ತೆಗೆದುಕೊಂಡು ನಿಮ್ಮ ಜೊತೆ ಮತ್ತೆ ಯೋಜನೆ ಹಾಕುತ್ತಾರೆ, ಅಥವಾ ಬೇರೆಯವರ ಹೆಸರು ಕೊಡುತ್ತಾರೆ. 'ನೀವು ಸಹಕರಿಸುತ್ತಿಲ್ಲ' ಅಂತ ತಪ್ಪನ್ನು ನಿಮ್ಮ ಮೇಲೆ ಹೊರಿಸಿದರೆ ಉಳಿಯಬೇಕಿಲ್ಲ. ಇನ್ನು ಕೆಲವಕ್ಕೆ ನಾಲ್ಕನೇ ಸೆಷನ್‌ವರೆಗೂ ಕಾಯಬಾರದು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿ ಅನ್ನುವುದು, ಹೊರಗೆ ಸಿಗೋಣ ಅನ್ನುವುದು, ಸಾಲ ಕೇಳುವುದು, ವ್ಯಾಪಾರಕ್ಕೆ ಸೇರಿಸಿಕೊಳ್ಳುವುದು, ಮೈ ಮುಟ್ಟುವುದು. ಇದರಲ್ಲಿ ಯಾವುದು ನಡೆದರೂ ಅವತ್ತೇ ಎದ್ದು ಬನ್ನಿ, ನೋಂದಣಿ ಮಂಡಳಿಗೆ ದೂರು ಕೊಡಿ.

ಮೊದಲಿನ ಕೌನ್ಸೆಲರ್‌ಗೆ ನಾನು ಕೊನೆಗೆ ಒಂದು ಮೆಸೇಜ್ ಕಳಿಸಿದೆ. 'ನನ್ನದು ಗೀಳು ಅಂತ ಗೊತ್ತಾಗಿದೆ, ಅದಕ್ಕೆಂದೇ ಇರುವ ಚಿಕಿತ್ಸೆ ಶುರು ಮಾಡುತ್ತಿದ್ದೇನೆ. ಇಷ್ಟು ದಿನ ಕೇಳಿಸಿಕೊಂಡಿದ್ದಕ್ಕೆ ಧನ್ಯವಾದ.' ಹತ್ತೇ ನಿಮಿಷದಲ್ಲಿ ಉತ್ತರ ಬಂತು: 'ಬೀಗದ ವಿಷಯ ನಾನೇ ಇನ್ನೂ ಜಾಸ್ತಿ ಕೇಳಬೇಕಿತ್ತು.' ಶುರುವಿನಲ್ಲಿ ನನ್ನ `Y-BOCS` ಅಂಕ 27 ಇತ್ತು, ನಾಲ್ಕನೇ ಸೆಷನ್‌ನಲ್ಲಿ 26, ಹದಿನಾರನೆಯದರಲ್ಲಿ 11. ಈಗಲೂ ಕೆಲವು ಬೆಳಗ್ಗೆ ಕೈ ಬೀಗದ ಕಡೆ ಹೋಗುತ್ತದೆ. ಒಂದು ಸಲ ಜಗ್ಗುತ್ತೇನೆ, ಇಳಿದುಬಿಡುತ್ತೇನೆ.